ಸಿಟ್ಟಲ್ಲ, 28ನೇ ತಾರೀಖು: ನನ್ನ 31 ಬೆಂಬಲಿಗರು ಎಲ್ಲಿ ಹೋದರು?

ದಡ್ಡಿಯಿಂದ ಮಾತಾಡ್ತಿದ್ದೀನಿ. ಹಿಂದೆ ಟ್ರ್ಯಾಕ್ಟರ್ ಸಪ್ಪಳ ಕೇಳಿದರೆ ಕ್ಷಮಿಸಿ, ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ಪಕ್ಕ ಕೂತು ರೆಕಾರ್ಡ್ ಮಾಡಿದರೆ ಇದನ್ನ ತಪ್ಪಿಸೋಕೆ ಆಗಲ್ಲ.

ಇವತ್ತು ದುಡ್ಡಿನ ಮಾತು. ಹೋದ ಜನವರಿಯ ಕೊನೆಗೆ ಈ ಪಾಡ್‌ಕಾಸ್ಟಿನ ಬೆಂಬಲಿಗರ ಪಟ್ಟಿ ತೆಗೆದು ನೋಡಿದೆ. ತಿಂಗಳಿಗೆ 49 ರೂಪಾಯಿ ಕೊಡುವವರು 186 ಮಂದಿ ಇದ್ದರು, 155 ಆಗಿದ್ದರು. ಒಂದೇ ತಿಂಗಳಲ್ಲಿ 31 ಮಂದಿ ಇಲ್ಲ. ಅದೇ ತಿಂಗಳು ನಾನು ಕಬ್ಬಿನ ತೂಕದ ಮೋಸದ ಬಗ್ಗೆ ಮೊದಲ ಎಪಿಸೋಡ್ ಹಾಕಿದ್ದೆ, ಎರಡನೆಯದು ಅರ್ಧ ಎಡಿಟ್ ಆಗಿತ್ತು. ತಲೆಯಲ್ಲಿ ತಕ್ಷಣ ಬಂದದ್ದು ಒಂದೇ ಮಾತು: ಜನಕ್ಕೆ ಸಿಟ್ಟು ಬಂದಿದೆ. ಕೇಳುಗರಲ್ಲಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇದ್ದಾರೆ, ಅವರ ಮನೆಯವರು ಇದ್ದಾರೆ. ಎರಡನೇ ಎಪಿಸೋಡ್ ತೆಗೆದು ಪಕ್ಕಕ್ಕಿಟ್ಟೆ. ಮೊದಲನೆಯದಕ್ಕೆ ಒಂದು ಮೆತ್ತಗಿನ ಸ್ಪಷ್ಟನೆ ಬರೆಯೋಕೂ ಕೂತಿದ್ದೆ.

ಆಮೇಲೆ ಆ 31 ಮಂದಿಯನ್ನ ಒಬ್ಬೊಬ್ಬರನ್ನಾಗಿ ಸಂಪರ್ಕಿಸಿದೆ. ಎಪಿಸೋಡಿಗೆ ಬೇಜಾರಾಗಿ ಬಿಟ್ಟವರು ಎಷ್ಟು ಮಂದಿ ಇದ್ದರು ಗೊತ್ತಾ? ಒಬ್ಬರು. ಉಳಿದವರಲ್ಲಿ ಹೆಚ್ಚಿನವರಿಗೆ ತಾವು ಪಟ್ಟಿಯಲ್ಲಿ ಇಲ್ಲ ಅನ್ನೋದೇ ಗೊತ್ತಿರಲಿಲ್ಲ. ಒಬ್ಬ ಕಾಕಾ ಅಂತೂ, "ಹ್ವಾದ ತಿಂಗಳ ಹೋಗಿಲ್ಲೇನೋ ತಮ್ಮಾ? ನಾ ಕೊಡಾಕತ್ತೀನಿ ಅಂತನ ತಿಳ್ಕೊಂಡಿದ್ನ್ಯಲ್ಲೋ" ಅಂದರು.

ಹಾಗಾದರೆ ದುಡ್ಡು ಯಾಕೆ ಬರಲಿಲ್ಲ? ಅದನ್ನ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಪಾರಿಜಾತ ಆಟ ನೋಡಿದವರಿಗೆ ಆಯೇರಿ ಗೊತ್ತು. ಪಾತ್ರಧಾರಿ ಚೆಂದ ಹಾಡಿದರೆ ಯಾರೋ ಎದ್ದು ನೂರು ರೂಪಾಯಿ ಕೊಡ್ತಾರೆ, ಮೈಕಿನಲ್ಲಿ ಅವರ ಹೆಸರು ಹೇಳ್ತಾರೆ, ಆಟ ಮುಂದುವರೀತದೆ. ನಮ್ಮ ಎಪಿಸೋಡಿನ ಕೆಳಗೆ ಹಾಕ್ತೀವಲ್ಲ ಕ್ಯೂಆರ್ ಕೋಡ್, ಅದು ಈ ಆಯೇರಿಯೇ. ಮನಸ್ಸು ತುಂಬಿದ ಆ ಗಳಿಗೆಯಲ್ಲಿ ಬರೋ ದುಡ್ಡು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕೆ ಹೋರಾಟ ನಡೀತಲ್ಲ, ಅಲ್ಲಿಂದ ಮಾಡಿದ ಎಪಿಸೋಡಿಗೆ ನನ್ನ ಕ್ಯೂಆರ್‌ಗೆ ಒಂದೇ ವಾರದಲ್ಲಿ ಹಿಂದಿನ ಆರು ತಿಂಗಳಿಗಿಂತ ಹೆಚ್ಚು ಬಂತು. ಅದರ ಮುಂದಿನ ವಾರ ಬಂದದ್ದು 70 ರೂಪಾಯಿ.

ಆಯೇರಿಯಲ್ಲಿ ತಪ್ಪೇನಿಲ್ಲ. ಆದರೆ ಮುಂದಿನ ತಿಂಗಳು ಮೂಡಲಗಿಗೆ ಎರಡು ಸಲ ಹೋಗಿ ಬರಬಹುದಾ, ಎಡಿಟ್ ಮಾಡೋ ಹುಡುಗನಿಗೆ ಮಾತು ಕೊಡಬಹುದಾ ಅನ್ನೋದನ್ನ ಅದರ ಮೇಲೆ ತೀರ್ಮಾನ ಮಾಡೋಕೆ ಆಗಲ್ಲ. ಅದಕ್ಕೆ ಚಂದಾ ಬೇಕು. ಇದು ಹೊಸ ವಿಚಾರವೂ ಅಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ನಡೆಸಿದ್ದೇ ಹೀಗೆ: ಓದುಗರು ಮೊದಲೇ ವರ್ಷದ ಚಂದಾ ಕೊಡೋದು, ಅವರ ಮನೆಗೆ ಪುಸ್ತಕ ಬರೋದು. ನಾವು ಅದನ್ನೇ ತಿಂಗಳಿಗೆ ಇಳಿಸಿ ಫೋನಿನಲ್ಲಿ ಮಾಡ್ತಿದ್ದೀವಿ. ವ್ಯತ್ಯಾಸ ಒಂದೇ, ಈಗ ವಸೂಲಿ ಮಾಡೋದು ಮನುಷ್ಯ ಅಲ್ಲ.

ಗುರ್ಲಾಪುರದ ಎಪಿಸೋಡಿನ ಬಿಸಿ ಆರೋ ಮೊದಲು, ನವೆಂಬರ್ 28ಕ್ಕೆ, ನಾನು ಬೆಂಬಲಿಗರ ಪುಟ ತೆರೆದೆ. ಈ 28 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ.

ಈಗ ಯುಪಿಐ ಆಟೋಪೇ ಒಳಗೆ ಏನು ನಡೀತದೆ ಅಂತ ನೋಡೋಣ. ಇದು ಬಂದದ್ದು 2020ರ ಜುಲೈನಲ್ಲಿ. ಮಾಮೂಲಿ ಕ್ಯೂಆರ್ ಇಟ್ಟುಕೊಂಡು ಪ್ರತಿ ತಿಂಗಳ ದುಡ್ಡು ತಾನಾಗಿ ಬರೋ ಹಾಗೆ ಮಾಡೋಕೆ ಆಗಲ್ಲ. ಒಂದು ಪೇಮೆಂಟ್ ಗೇಟ್‌ವೇಯಲ್ಲಿ ವ್ಯಾಪಾರಿಯಾಗಿ ಖಾತೆ ತೆರೆದು, ಅಲ್ಲಿ ಸಬ್‌ಸ್ಕ್ರಿಪ್ಷನ್ ಪುಟ ಮಾಡಬೇಕು. ಕೇಳುಗರು ಆ ಪುಟಕ್ಕೆ ಬಂದು ಒಪ್ಪಿಗೆ ಕೊಡ್ತಾರೆ. ಈ ಒಪ್ಪಿಗೆಗೆ ಮ್ಯಾಂಡೇಟ್ ಅಂತಾರೆ. ಎಷ್ಟು ದುಡ್ಡು, ಎಷ್ಟು ದಿನಕ್ಕೊಮ್ಮೆ, ಯಾವತ್ತಿನಿಂದ ಯಾವತ್ತಿನ ತನಕ, ಎಲ್ಲ ಅದರಲ್ಲಿ ಇರ್ತದೆ. ಅವರು ಯುಪಿಐ ಪಿನ್ ಹಾಕೋದು ಆವತ್ತು ಒಂದು ಸಲ. ಆಮೇಲೆ 15,000 ರೂಪಾಯಿ ಒಳಗಿನ ಕಡಿತಕ್ಕೆ ಪಿನ್ ಬೇಕಾಗಲ್ಲ. ಆದರೆ ಪ್ರತಿ ಸಲ ದುಡ್ಡು ಹೋಗೋಕೆ ಕನಿಷ್ಠ 24 ಗಂಟೆ ಮುಂಚೆ ಅವರ ಫೋನಿಗೆ ಸೂಚನೆ ಹೋಗಲೇಬೇಕು, ಇದು ರಿಸರ್ವ್ ಬ್ಯಾಂಕ್ ನಿಯಮ. ಬೇಡ ಅನಿಸಿದರೆ ತಮ್ಮ ಆ್ಯಪಿನ ಆಟೋಪೇ ಅನ್ನೋ ಜಾಗಕ್ಕೆ ಹೋಗಿ ಅವರೇ ರದ್ದು ಮಾಡಬಹುದು, ನನ್ನನ್ನ ಕೇಳಬೇಕಾಗಿಲ್ಲ.

ಈ ನಿಯಮ ಕಾರ್ಡುಗಳಿಗೆ ಕಡ್ಡಾಯ ಆದದ್ದು 2021ರ ಅಕ್ಟೋಬರ್ 1ಕ್ಕೆ. ಆವತ್ತು ಭಾರತದ ಕಾರ್ಡಿನಿಂದ ವಿದೇಶಿ ತಾಣಗಳಿಗೆ ತಿಂಗಳು ತಿಂಗಳು ತಾನಾಗಿ ಹೋಗ್ತಿದ್ದ ಎಷ್ಟೋ ಪಾವತಿಗಳು ನಿಂತುಹೋದವು. ಪೇಟ್ರಿಯಾನ್‌ನಲ್ಲಿ ಇಲ್ಲಿನ ಕಾರ್ಡುಗಳನ್ನ ನಂಬಿಕೊಂಡಿದ್ದವರಿಗೆ ಅದು ದೊಡ್ಡ ಪೆಟ್ಟು. ಕೊಡುವವರು ಬದಲಾಗಿರಲಿಲ್ಲ, ಕೊಡೋ ದಾರಿ ಬದಲಾಗಿತ್ತು. ನನ್ನ 31 ಮಂದಿಯದೂ ಅದೇ ಕಥೆ, ಸಣ್ಣ ಪ್ರಮಾಣದಲ್ಲಿ.

ದುಡ್ಡು ಕಡಿತ ಆಗೋಕೆ ಇನ್ನೊಂದು ಮಿತಿಯೂ ಇದೆ. 2025ರ ಆಗಸ್ಟ್‌ನಿಂದ ಎನ್‌ಪಿಸಿಐ ನಿಯಮದ ಪ್ರಕಾರ ಆಟೋಪೇ ಕಡಿತ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮಾತ್ರ ನಡೀಬೇಕು: ಬೆಳಗ್ಗೆ 10ರ ಒಳಗೆ, ಮಧ್ಯಾಹ್ನ 1ರಿಂದ 5, ಇಲ್ಲಾ ರಾತ್ರಿ ಒಂಬತ್ತೂವರೆ ಮೇಲೆ. ಒಂದು ಕಂತಿಗೆ ಒಂದು ಪ್ರಯತ್ನ, ಅದು ಆಗಲಿಲ್ಲ ಅಂದರೆ ಹೆಚ್ಚಂದರೆ ಇನ್ನು ಮೂರು. ನಾಲ್ಕೂ ಸೋತರೆ ಆ ತಿಂಗಳ ಕಂತು ಮುಗೀತು.

ಈಗ ನನ್ನ 28ಕ್ಕೆ ಬರೋಣ. ಗೇಟ್‌ವೇಯಲ್ಲಿ ನಾನು ಏನೂ ಬದಲಿಸದೆ ಬಿಟ್ಟಿದ್ದೆ. ಯಾರು ಯಾವ ತಾರೀಖಿಗೆ ಸೇರಿದರೋ ಪ್ರತಿ ತಿಂಗಳು ಅದೇ ತಾರೀಖಿಗೆ ಕಡಿತ. ಹೆಚ್ಚಿನವರು ಸೇರಿದ್ದು ಪುಟ ತೆರೆದ ಮೊದಲ ದಿನ. ಹಾಗಾಗಿ ಕಡಿತ 28ಕ್ಕೆ. ಆಗಲಿಲ್ಲವಾ, ನನ್ನ ಗೇಟ್‌ವೇ ದಿನಕ್ಕೊಂದು ಸಲ ಮತ್ತೆ ಪ್ರಯತ್ನ ಮಾಡ್ತದೆ: 29, 30, 31. ಬೆಳಗಾವಿಯಲ್ಲೋ ಪುಣೆಯಲ್ಲೋ ಕೆಲಸ ಮಾಡೋ ನಮ್ಮೂರ ಹುಡುಗರ ಅಕೌಂಟಿನಲ್ಲಿ ತಿಂಗಳ ಕೊನೆಯ ಆ ನಾಲ್ಕು ದಿನ ಏನಿರ್ತದೆ ಹೇಳಿ? ಪಗಾರ ಬರೋದು 1ರಿಂದ 7ರ ಒಳಗೆ. ನನ್ನ ನಾಲ್ಕು ಪ್ರಯತ್ನಗಳೂ ಕರೆಕ್ಟಾಗಿ ಖಾಲಿ ಜೇಬಿಗೆ ಹೋಗಿ ಕೈ ಹಾಕಿದ್ದವು. ಬಿಕಾಂ ಓದಿದವನು ನಾನು, ಇದು ಮೊದಲೇ ಹೊಳೀಬೇಕಿತ್ತು.

31ರಲ್ಲಿ 17 ಮಂದಿಯದು ಇದೇ ಕಾರಣ, ಬ್ಯಾಲೆನ್ಸ್ ಇಲ್ಲ. ನಾಲ್ವರು ಬ್ಯಾಂಕ್ ಅಕೌಂಟ್ ಬದಲಿಸಿದ್ದರು, ಹಳೇ ಅಕೌಂಟ್ ಮುಚ್ಚಿದಾಗ ಮ್ಯಾಂಡೇಟೂ ಹೋಯ್ತು. ಇಬ್ಬರದು ಯಾಕೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಉಳಿದ ಎಂಟು ಮಂದಿ ಮಾತ್ರ ತಾವಾಗಿ ರದ್ದು ಮಾಡಿದವರು.

ಈ ವ್ಯತ್ಯಾಸ ಫೋನ್ ಮಾಡದೆಯೂ ಗೊತ್ತಾಗ್ತಿತ್ತು, ನಾನು ನೋಡಿರಲಿಲ್ಲ ಅಷ್ಟೇ. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಪ್ರತಿ ಸಬ್‌ಸ್ಕ್ರಿಪ್ಷನ್ ಎದುರಿಗೆ ಅದರ ಸ್ಥಿತಿ ಬರೆದಿರ್ತದೆ. ಪದಗಳು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಆದರೆ ಎರಡು ಬಗೆ ಇದ್ದೇ ಇರ್ತದೆ. halted ಅಂತಲೋ failed ಅಂತಲೋ ಇದ್ದರೆ ದುಡ್ಡು ಕೇಳಿದೆವು, ಸಿಗಲಿಲ್ಲ ಅಂತ ಅರ್ಥ. cancelled ಇಲ್ಲಾ revoked ಇದ್ದರೆ ಯಾರೋ ಬೆರಳಿಟ್ಟು ಒತ್ತಿ ಬೇಡ ಅಂದಿದ್ದಾರೆ. ಮೊದಲನೆಯದು ಜೇಬಿನ ಸುದ್ದಿ, ಎರಡನೆಯದು ಮಾತ್ರ ಮನಸ್ಸಿನ ಸುದ್ದಿ ಆಗಬಹುದು. ನಾನು ಎರಡನ್ನೂ ಒಂದೇ ರಾಶಿ ಹಾಕಿ 31 ಅಂತ ಲೆಕ್ಕ ಮಾಡಿ ಎಪಿಸೋಡ್ ಕೆಳಗಿಳಿಸೋಕೆ ಹೊರಟಿದ್ದೆ.

ಆ ಎಂಟು ಮಂದಿಯ ವಿಚಾರ ಇನ್ನೂ ಮಜಾ ಇದೆ. ಇಬ್ಬರಿಗೆ ನಿಜವಾಗಿ ಕೈ ಬಿಗಿ ಇತ್ತು. ಒಬ್ಬರಿಗೆ ಎಪಿಸೋಡ್ ಹಿಡಿಸಲಿಲ್ಲ, ಅವರು ಹೇಳಿದ ಎರಡು ತಕರಾರಿನಲ್ಲಿ ಒಂದು ಸರಿಯಿತ್ತು, ಅದನ್ನ ಎರಡನೇ ಭಾಗದಲ್ಲಿ ತಿದ್ದಿದೆ. ಉಳಿದ ಐದು ಮಂದಿ ಹೆದರಿ ರದ್ದು ಮಾಡಿದ್ದರು. ಕಡಿತದ ಹಿಂದಿನ ದಿನ ಹೋಗೋ ಸೂಚನೆಯಲ್ಲಿ ಪಾಡ್‌ಕಾಸ್ಟಿನ ಹೆಸರು ಇರಲಿಲ್ಲ, ಗೇಟ್‌ವೇಯಲ್ಲಿ ನಾನು ಕೊಟ್ಟಿದ್ದ ನನ್ನ ಪ್ಯಾನ್ ಕಾರ್ಡಿನ ಪೂರ್ತಿ ಹೆಸರು ಇತ್ತು. ನನ್ನ ದನಿಯಲ್ಲಿ ನನ್ನ ಅಡ್ಡಹೆಸರು ಕೇಳಿದವರಿಗೆ ಆ ಹೆಸರು ಯಾರದು ಅಂತ ಹೇಗೆ ಗೊತ್ತಾಗಬೇಕು? "ಗೊತ್ತಿಲ್ಲದ ಮನಷ್ಯಾ 49 ರೂಪಾಯಿ ಕಡಕೊಳ್ಳಾಕತ್ತಾನ ಅಂತ ಬಂದ್ ಮಾಡೀನ್ರಿ ಅಣ್ಣಾ" ಅಂದಳು ಹುಕ್ಕೇರಿಯ ಒಬ್ಬ ಕಾಲೇಜು ಹುಡುಗಿ. ಸೈಬರ್ ಮೋಸದ ಕಾಲದಲ್ಲಿ ಅವಳು ಮಾಡಿದ್ದು ಸರಿಯೇ. ಪುಟ ಮಾಡಿದ ಮೇಲೆ ಮೊದಲ ಬೆಂಬಲಿಗ ನೀವೇ ಆಗಿ, ಒಂದು ತಿಂಗಳು ಕಾದು, ಆ ಸೂಚನೆ ನಿಮ್ಮದೇ ಫೋನಿನಲ್ಲಿ ಹೇಗೆ ಕಾಣ್ತದೆ ಅಂತ ನೋಡಿ. ನಾನು ಆಮೇಲೆ ಗೇಟ್‌ವೇಗೆ ಬರೆದು ತೋರಿಸೋ ಹೆಸರನ್ನ ಬದಲಿಸಿಕೊಂಡೆ.

ಇದು ಸಣ್ಣ ಸೋರಿಕೆ, ಬಿಡು ಅನ್ನೋ ಹಾಗಿಲ್ಲ. ತಿಂಗಳಿಗೆ ನೂರಕ್ಕೆ ಹತ್ತು ಮಂದಿ ಹೀಗೆ ಸದ್ದಿಲ್ಲದೆ ಉದುರಿದರೆ, ಹೊಸಬರು ಯಾರೂ ಸೇರದಿದ್ದರೆ, 186 ಮಂದಿ ಒಂದು ವರ್ಷದಲ್ಲಿ 52ಕ್ಕೆ ಬರ್ತಾರೆ. ಅದನ್ನ ನೂರಕ್ಕೆ ಮೂರಕ್ಕೆ ತಂದರೆ ವರ್ಷದ ಕೊನೆಗೂ 129 ಮಂದಿ ಇರ್ತಾರೆ. ಎರಡೂ ಕಡೆ ಎಪಿಸೋಡ್ ಅವೇ, ಕೇಳುಗರು ಅವರೇ.

ಸರಿ ಮಾಡಿದ್ದು ಹೇಗೆ? ತಾರೀಖನ್ನ 5ಕ್ಕೆ ತಂದೆ. ಮತ್ತೆ ಪ್ರಯತ್ನ ಮಾಡೋ ದಿನಗಳು 6, 7, 8 ಆದವು, ಅಂದರೆ ಪಗಾರ ತಡ ಆದವರೂ ಸಿಗ್ತಾರೆ. ಆದರೆ ಹಳೇ ಮ್ಯಾಂಡೇಟಿನ ತಾರೀಖನ್ನ ನಾನೊಬ್ಬನೇ ಬದಲಿಸೋಕೆ ಆಗಲಿಲ್ಲ, ಅವರಿಂದ ಹೊಸ ಒಪ್ಪಿಗೆ ಬೇಕಾಯ್ತು. ಇಲ್ಲಿ ಒಂದು ಎಡವಟ್ಟು ಮಾಡಿದೆ. ಹಳೆಯದನ್ನ ರದ್ದು ಮಾಡೋಕೆ ಮೊದಲೇ ಹೊಸ ಲಿಂಕ್ ಕಳಿಸಿದೆ, ಆರು ಮಂದಿಗೆ ಎರಡೆರಡು ಸಲ 49 ಹೋಯ್ತು. ಅದೇ ದಿನ ವಾಪಸ್ ಹಾಕಿ ಒಬ್ಬೊಬ್ಬರಿಗೂ ಹೇಳಿದೆ. ನೀವು ಮಾಡುವಾಗ ನಿಮ್ಮ ಕಡೆಯಿಂದ ಹಳೆಯದನ್ನ ಮೊದಲು ಮುಚ್ಚಿ, ಆಮೇಲೆ ಲಿಂಕ್ ಕಳಿಸಿ. ಒಂದೆರಡು ಮಂದಿ ನಡುವೆ ಕಳಚಿಕೊಂಡರೂ ಪರವಾಗಿಲ್ಲ, ಎರಡು ಸಲ ದುಡ್ಡು ಕಳಕೊಂಡವರ ನಂಬಿಕೆ ವಾಪಸ್ ತರೋದು ಅದಕ್ಕಿಂತ ಕಷ್ಟ.

ಕಂತು ಸೋತವರಿಗೆ ಕಳಿಸಿದ ಮೆಸೇಜ್ ಇಷ್ಟೇ: "ಈ ತಿಂಗಳ 49 ಬಂದಿಲ್ಲ. ಬ್ಯಾಂಕ್ ಕಡೆಯಿಂದ ಆಗಿರಬಹುದು. ಮುಂದುವರಿಸೋದಾದರೆ ಈ ಲಿಂಕ್. ಬೇಡ ಅಂದರೂ ಸರಿ, ಎಪಿಸೋಡ್ ಎಲ್ಲರಿಗೂ ಫ್ರೀ ಇದ್ದೇ ಇರ್ತದೆ." ಒಂದೇ ಸಲ ಕಳಿಸೋದು, ಮತ್ತೆ ನೆನಪು ಮಾಡೋದಿಲ್ಲ. ಅದರಲ್ಲಿ 'ಬ್ಯಾಂಕ್ ಕಡೆಯಿಂದ' ಅನ್ನೋ ಮಾತು ಬೇಕೇ ಬೇಕು. ಅಕೌಂಟಿನಲ್ಲಿ 49 ರೂಪಾಯಿ ಇರಲಿಲ್ಲ ಅಂತ ಯಾರಿಗೂ ಹೇಳಿಸಿಕೊಳ್ಳೋಕೆ ಇಷ್ಟ ಇರಲ್ಲ. 31ರಲ್ಲಿ 19 ಮಂದಿ ವಾಪಸ್ ಬಂದರು.

ಇನ್ನೊಂದು ಗುಂಪಿಗೆ ತಿಂಗಳ ಲೆಕ್ಕವೇ ತಪ್ಪು ಅಂತ ಆಗ ತಿಳೀತು. ರೈತರಿಗೆ ಪಗಾರ ಅನ್ನೋದು ಇಲ್ಲ. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಕೊಡಬೇಕು ಅಂತ ಕಾನೂನಿದೆ, ಅದು ಬರೋದು ಯಾವಾಗ ಅನ್ನೋದು ಬೇರೆ ಮಾತು, ಅದನ್ನ ಇಲ್ಲಿ ಎತ್ತೋದು ಬೇಡ. ಬಂದಾಗ ಒಮ್ಮೆಲೇ ಬರ್ತದೆ. ಅಂಥವರಿಗೆ ವರ್ಷಕ್ಕೆ 499 ರೂಪಾಯಿ, ಒಂದೇ ಸಲ, ಆಟೋಪೇ ಇಲ್ಲ. ಅವಧಿ ಮುಗಿಯೋ ತಿಂಗಳು ಡೈರಿಯಲ್ಲಿ ಬರೆದಿಟ್ಟು ನಾನೇ ಕೇಳ್ತೀನಿ. ಆ ಫೋನ್ ಮಾಡಿದ ಕಾಕಾ ಈಗ ಅದರಲ್ಲೇ ಇದ್ದಾರೆ.

49 ಯಾಕೆ, ಯೂಟ್ಯೂಬ್ ಮೆಂಬರ್‌ಶಿಪ್ ಯಾಕಲ್ಲ ಅಂತ ಬಹಳ ಮಂದಿ ಕೇಳ್ತಾರೆ. ಅಲ್ಲಿ ವಸೂಲಿ ಸುಲಭ, ನಿಜ. ತೆರಿಗೆ ಕಳೆದು ಉಳಿದದ್ದರಲ್ಲಿ ನಮಗೆ ನೂರಕ್ಕೆ 70. ತಿಂಗಳಿಗೆ 59 ಅಂತ ಇಟ್ಟುಕೊಳ್ಳಿ. 18 ಪರ್ಸೆಂಟ್ ಜಿಎಸ್‌ಟಿ ಹೋದರೆ 50, ಅದರಲ್ಲಿ ನಮ್ಮ ಪಾಲು 35. ಗೇಟ್‌ವೇಯಲ್ಲಿ ಶುಲ್ಕ 2 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಅಂತ ಹಿಡಿದರೆ 49ರಲ್ಲಿ 1 ರೂಪಾಯಿ 16 ಪೈಸೆ ಹೋಗ್ತದೆ. ಆದರೆ ಕೆಲವು ಕಡೆ ಪ್ರತಿ ಕಡಿತಕ್ಕೆ ಇಷ್ಟು ರೂಪಾಯಿ ಅಂತ ಬೇರೆ ಹಾಕ್ತಾರೆ. 10 ರೂಪಾಯಿ ಚಂದಾ ಇಟ್ಟರೆ ಅದೇ ಅರ್ಧ ನುಂಗೀತು. ಸೇರೋ ಮೊದಲು ಅದನ್ನ ಓದಿ. ಹಾಗೇ ಇದನ್ನ 'ದಾನ, ತೆರಿಗೆ ವಿನಾಯಿತಿ' ಅಂತ ಎಲ್ಲೂ ಬರೀಬೇಡಿ. ಆ ವಿನಾಯಿತಿ ಇರೋದು ಅನುಮತಿ ಪಡೆದ ಸಂಸ್ಥೆಗಳಿಗೆ. ನಾವು ನಡೆಸೋದು ಕೆಲಸ, ಬರೋದು ಆದಾಯ, ರಿಟರ್ನಿನಲ್ಲಿ ತೋರಿಸಬೇಕು.

ಇನ್ನು ಇದ್ದವರನ್ನ ಉಳಿಸಿಕೊಳ್ಳೋ ವಿಚಾರ. ಮೊದಲಿಗೆ ನಾನೂ ಎಲ್ಲರ ಹಾಗೆ ಬೆಂಬಲಿಗರಿಗೆ ಮಾತ್ರ ಅಂತ ತಿಂಗಳಿಗೆ ಎರಡು ಹೆಚ್ಚುವರಿ ಎಪಿಸೋಡ್ ಮಾಡಿದೆ. ಕೇಳಿದವರು ಹನ್ನೆರಡು ಮಂದಿ, ನನ್ನ ನಾಲ್ಕು ರಾತ್ರಿ ಹೋದವು. ವಾಟ್ಸಾಪ್ ಗ್ರೂಪ್ ಮಾಡಿದೆ, ಮೂರು ವಾರದಲ್ಲಿ ಗುಡ್ ಮಾರ್ನಿಂಗ್ ಮತ್ತು ಪಕ್ಷ ರಾಜಕೀಯ ಬಿಟ್ಟು ಬೇರೇನೂ ಉಳಿಯಲಿಲ್ಲ, ಮುಚ್ಚಿದೆ.

ಉಳಿದುಕೊಂಡದ್ದು ಒಂದು ನಿಮಿಷದ ವಾಯ್ಸ್ ನೋಟ್. ಅದರ ಟೈಮಿಂಗ್ ಹೊಳೆದದ್ದು ಆ 24 ಗಂಟೆಯ ಸೂಚನೆಯಿಂದ. 5ಕ್ಕೆ ಕಡಿತ ಅಂದರೆ 4ಕ್ಕೆ ಎಲ್ಲರ ಫೋನೂ 'ನಾಳೆ 49 ಹೋಗ್ತದೆ' ಅನ್ನುತ್ತೆ. ತಿಂಗಳಿಗೊಮ್ಮೆ ಪ್ರತಿ ಬೆಂಬಲಿಗನೂ ಇದು ಬೇಕಾ ಬೇಡವಾ ಅಂತ ಯೋಚನೆ ಮಾಡೋ ಗಳಿಗೆ ಅದೊಂದೇ. ಆ ಹೊತ್ತಿಗೆ ನನ್ನಿಂದ ಕೊನೇ ಸಲ ಏನು ಕೇಳಿದ್ದು ಅಂತ ನೆನಪೇ ಇಲ್ಲದಿದ್ದರೆ ಬೆರಳು ರದ್ದು ಕಡೆಗೆ ಹೋಗ್ತದೆ. ಅದಕ್ಕೆ 3ನೇ ತಾರೀಖು ಸಂಜೆ ವಾಯ್ಸ್ ನೋಟ್ ಹೋಗ್ತದೆ.

ಅದರಲ್ಲಿ ಮೊದಲು ಲೆಕ್ಕ. ಇಷ್ಟು ಬಂತು, ಎಡಿಟಿಂಗಿಗೆ ಇಷ್ಟು ಹೋಯ್ತು, ಬಸ್ಸು-ಪೆಟ್ರೋಲಿಗೆ ಇಷ್ಟು, ನನಗೆ ಉಳಿದದ್ದು ಇಷ್ಟು. ನನಗೆ ಉಳಿದದ್ದನ್ನ ಹೇಳೋಕೆ ಮೊದಲ ತಿಂಗಳು ಗಂಟಲು ಕಟ್ಟಿತ್ತು. ಈಗ ಆ ಸಾಲಿಗೇ ಹೆಚ್ಚು ಉತ್ತರ ಬರ್ತವೆ, "ಇಷ್ಟರಾಗ ಹ್ಯಾಂಗ ನಡಸ್ತೀರಿ" ಅಂತ. ಆಮೇಲೆ ಹೊಸದಾಗಿ ಸೇರಿದವರ ಮೊದಲ ಹೆಸರು, ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಮೈಕಿನಲ್ಲಿ ಆಯೇರಿ ಹೇಳೋದನ್ನ ಕೇಳಿ ಬೆಳೆದವರು ನಾವು, ಹೆಸರು ಕೇಳಿದರೆ ಖುಷಿ ಆಗ್ತದೆ. ಹೆಸರು ಬೇಡ ಅನ್ನುವವರೂ ಇದ್ದಾರೆ, ಕಬ್ಬಿನ ಎಪಿಸೋಡಿನ ಮೇಲೆ ಅವರ ಸಂಖ್ಯೆ ಜಾಸ್ತಿ ಆಗಿದೆ. ಕೊನೆಗೆ ಒಂದು ಪ್ರಶ್ನೆ, ನಿಜವಾಗಿ ನನಗೆ ಉತ್ತರ ಬೇಕಾದದ್ದು. ಹಿಡಕಲ್ ಹಿನ್ನೀರಿನ ಬಗ್ಗೆ ಮಾಡುವಾಗ ಯಾರ ಮನೆಯಲ್ಲಿ ಮುಳುಗಡೆ ಆದ ಜಮೀನಿನ ಹಳೇ ಕಾಗದ ಇವೆ ಅಂತ ಕೇಳಿದ್ದೆ, ಒಂಬತ್ತು ಮನೆಯಿಂದ ಫೋಟೋ ಬಂದವು. ಆ ಒಂಬತ್ತರಲ್ಲಿ ಒಬ್ಬರೂ ಇವತ್ತಿನ ತನಕ ಬಿಟ್ಟಿಲ್ಲ.

ಇದನ್ನ ಕಳಿಸೋದು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ. ಅಲ್ಲಿ ಎರಡು ತೊಡಕು. ಒಂದು ಲಿಸ್ಟಿಗೆ 256 ಮಂದಿಯೇ ಮಿತಿ. ಜೊತೆಗೆ ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿರದಿದ್ದರೆ ಮೆಸೇಜ್ ಮುಟ್ಟೋದೇ ಇಲ್ಲ, ಕಳಿಸಿದ ನಿಮಗೆ ಮಾತ್ರ ಹೋಗಿದೆ ಅನಿಸ್ತದೆ. ಹಾಗಾಗಿ ಸೇರಿದ ದಿನವೇ ನಂಬರ್ ಸೇವ್ ಮಾಡಿಕೊಳ್ಳೋಕೆ ಹೇಳ್ತೀನಿ.

ರದ್ದು ಮಾಡಿದವರಿಗೆ ಈಗ ಫೋನ್ ಮಾಡೋದಿಲ್ಲ. ಆ 31 ಮಂದಿಗೆ ಮಾಡಿದ್ದು ನನಗೆ ತಿಳೀಬೇಕಿತ್ತು ಅಂತ. ಕೈ ಬಿಗಿ ಇದ್ದವರಿಗೆ ಯಾಕೆ ಬಿಟ್ಟಿರಿ ಅಂತ ಕೇಳೋದು ಸಾಲ ವಸೂಲಿ ಥರ ಕೇಳಿಸ್ತದೆ, ಒಬ್ಬ ಅಕ್ಕ ಸಂಕೋಚದಿಂದ ಅರ್ಧ ಗಂಟೆ ಕಾರಣ ಹೇಳಿದರು, ನನಗೇ ನಾಚಿಕೆ ಆಯ್ತು. ಪುಟದಲ್ಲಿ ಈಗ ಮೂರು ತಿಂಗಳು ನಿಲ್ಲಿಸಿ ಅನ್ನೋ ಬಟನ್ ಇದೆ, ಕಾರಣ ಕೇಳೋದಿಲ್ಲ.

ಕಬ್ಬಿನ ತೂಕದ ಎರಡನೇ ಭಾಗ ಫೆಬ್ರುವರಿ 20ಕ್ಕೆ ಹೋಯ್ತು, ಮೂರು ವಾರ ತಡವಾಗಿ. ಮಾರ್ಚ್ 5ರ ಕಡಿತದಲ್ಲಿ ಆರು ಮಂದಿಯದು ಸೋತಿತು, ಇಬ್ಬರು ರದ್ದು ಮಾಡಿದರು. ಆ ಇಬ್ಬರಲ್ಲಿ ಒಬ್ಬರು ಎಪಿಸೋಡಿನ ಕೆಳಗೆ ಯಾಕೆ ಅಂತ ಬರೆದಿದ್ದಾರೆ. ಅದನ್ನ ಮುಂದಿನ ವಾರ ಪೂರ್ತಿ ಓದ್ತೀನಿ, ಕಾರ್ಖಾನೆಯ ತೂಕದ ಕಾಟಾ ಮೇಲೆ ಹನ್ನೊಂದು ವರ್ಷ ಕೂತವರು ಅವರು.